ಸ್ಪ್ಯಾನಿಷ್‌ನಲ್ಲಿ ಬರುವುದು ಯಾರು, ಹೋಗುವುದು ಯಾರು?

ಸ್ಪ್ಯಾನಿಷ್‌ನಲ್ಲಿ ಹೋಗುವುದಕ್ಕೆ ‘ಈರ್’, ಬರುವುದಕ್ಕೆ ‘ಬೆನೀರ್’, ಒಯ್ಯುವುದಕ್ಕೆ ‘ಯೆಬಾರ್’, ತರುವುದಕ್ಕೆ ‘ತ್ರಾಎರ್’ ಎಂಬ ಕ್ರಿಯಾಪದಗಳಿವೆ. ಅರ್ಥ ಕಲಿಯುವುದು ಐದು ನಿಮಿಷದ ಕೆಲಸ. ಆದರೆ ಯಾವಾಗ ಯಾವುದನ್ನು ಬಳಸಬೇಕು ಎಂಬಲ್ಲಿ ವರ್ಷಗಟ್ಟಲೆ ಕಲಿತವರೂ ಎಡವುತ್ತಾರೆ. ಬಾಗಿಲಲ್ಲಿ ಯಾರೋ ಕರೆದರೆ ಇಂಗ್ಲಿಷಿನವರು ‘ಐ ಆಮ್ ಕಮಿಂಗ್’ ಎನ್ನುತ್ತಾರೆ, ಕನ್ನಡಿಗರು ‘ಬಂದೆ’ ಎನ್ನುತ್ತಾರೆ. ಮ್ಯಾಡ್ರಿಡ್‌ನ ಮನೆಯೊಳಗಿಂದ ಕೇಳಿಬರುವ ಉತ್ತರ ‘ಯಾ ಬೊಯ್’. ಇದು ‘ಈರ್’ ಕ್ರಿಯಾಪದದ ರೂಪ, ಅಂದರೆ ‘ಹೋಗುತ್ತೇನೆ’.

ಭಾಷಾಶಾಸ್ತ್ರಜ್ಞ ಚಾರ್ಲ್ಸ್ ಫಿಲ್‌ಮೋರ್ 1971ರ ತಮ್ಮ ಉಪನ್ಯಾಸಗಳಲ್ಲಿ ಇಂಗ್ಲಿಷಿನ ‘ಕಮ್’ ಮತ್ತು ‘ಗೋ’ಗಳನ್ನು ಬಿಡಿಸಿ ನೋಡಿದ್ದರು. ಇಂಗ್ಲಿಷಿನಲ್ಲಿ ಹೇಳುವವರು ಇರುವ ಜಾಗಕ್ಕೆ ಮಾತ್ರವಲ್ಲ, ಕೇಳುವವರು ಇರುವ ಜಾಗಕ್ಕೂ ‘ಬರಬಹುದು’. ಈ ವಿಷಯದಲ್ಲಿ ಕನ್ನಡ ಇಂಗ್ಲಿಷಿನ ಜೊತೆಗಿದೆ. ‘ನಾಳೆ ನಿಮ್ಮ ಮನೆಗೆ ಬರ್ತೀನಿ, ಹಣ್ಣು ತರ್ತೀನಿ’ ಎಂದು ಫೋನಿನಲ್ಲಿ ಹೇಳುವಾಗ ನಾವು ಕೇಳುವವರ ಮನೆಯಲ್ಲಿ ನಿಂತು ನಮ್ಮನ್ನೇ ನೋಡಿಕೊಳ್ಳುತ್ತೇವೆ. ಸ್ಪ್ಯಾನಿಷ್ ಹಾಗೆ ಜಾಗ ಬದಲಿಸುವುದಿಲ್ಲ. ಮಾತಾಡುತ್ತಿರುವ ಹೊತ್ತಿನಲ್ಲಿ ಮಾತಾಡುವವರು ಎಲ್ಲಿದ್ದಾರೋ ಅಲ್ಲಿಗೆ ಆಗುವ ಚಲನೆಗೆ ಮಾತ್ರ ‘ಬೆನೀರ್’ ಮತ್ತು ‘ತ್ರಾಎರ್’. ಬೇರೆ ಎಲ್ಲಿಗೇ ಆದರೂ, ಕೇಳುವವರ ಮನೆಗೇ ಆದರೂ, ‘ಈರ್’ ಮತ್ತು ‘ಯೆಬಾರ್’.

ಒಂದೇ ಫೋನ್ ಕರೆಯಲ್ಲಿ ನಾಲ್ಕೂ ಪದಗಳು ಹೇಗೆ ಕೈ ಬದಲಾಯಿಸುತ್ತವೆ ನೋಡಬಹುದು. ಲೂಸಿಯಾ ತನ್ನ ಮನೆಯಲ್ಲಿದ್ದಾಳೆ, ಗೆಳೆಯ ಪಾಬ್ಲೋ ಅವನ ಮನೆಯಲ್ಲಿ. ‘ಬಿಯೆನೆಸ್ ಆ ಸೆನಾರ್?’ ಎಂದು ಅವಳು ಕೇಳುತ್ತಾಳೆ, ‘ಊಟಕ್ಕೆ ಬರ್ತೀಯಾ?’ ಅವಳಿರುವಲ್ಲಿಗೆ ಅವನು ಬರಬೇಕು, ಆದ್ದರಿಂದ ‘ಬೆನೀರ್’. ‘ಸೀ, ಬೊಯ್’ ಎನ್ನುತ್ತಾನೆ ಪಾಬ್ಲೋ. ಅವನ ಲೆಕ್ಕದಲ್ಲಿ ಅದು ಹೋಗುವುದು. ‘ತ್ರಾಎಸ್ ಪಾನ್?’, ಬ್ರೆಡ್ ತರ್ತೀಯಾ ಎಂದು ಅವಳು ಕೇಳಿದರೆ, ‘ಸೀ, ಲೊ ಯೆಬೊ’, ಹೌದು, ಒಯ್ಯುತ್ತೇನೆ ಎಂಬುದು ಅವನ ಉತ್ತರ. ಪ್ರಶ್ನೆಯ ಕ್ರಿಯಾಪದವನ್ನೇ ಉತ್ತರದಲ್ಲಿ ತಿರುಗಿಸಿ ಹೇಳುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಪಾಬ್ಲೋ ಅವಳ ಮನೆಯೊಳಗೆ ಕಾಲಿಟ್ಟ ಮೇಲೆ ಅವನಿಗೂ ಅದು ‘ಇಲ್ಲಿ’ ಆಗುತ್ತದೆ. ಆಗ ‘ಬ್ರೆಡ್ ತಂದಿದ್ದೇನೆ’ ಎನ್ನಲು ಅವನೂ ‘ತ್ರಾಎರ್’ ಬಳಸಲೇಬೇಕು.

ಹೋಟೆಲಿನಲ್ಲಿ ಈ ನಿಯಮ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಟೇಬಲ್ ಪಕ್ಕದಲ್ಲೇ ನಿಂತಿರುವ ಮಾಣಿಗೆ ಗ್ರಾಹಕರು ಬಿಲ್ ಕೇಳಿದರೆ ಅವನು ‘ತರುತ್ತೇನೆ’ ಎಂದು ‘ತ್ರಾಎರ್’ ಬಳಸುತ್ತಾನೆ, ಏಕೆಂದರೆ ಬಿಲ್ ಬರಬೇಕಾದ್ದು ಅವನೂ ನಿಂತಿರುವ ಜಾಗಕ್ಕೆ. ಅದೇ ಮಾಣಿ ದೂರದ ಕೌಂಟರಿನಿಂದ ಕೂಗಿ ಹೇಳುವಾಗ ‘ಯೆಬಾರ್’ ಬರುತ್ತದೆ. ಬಿಲ್ಲೂ ಒಂದೇ, ಟೇಬಲ್ಲೂ ಒಂದೇ. ಬದಲಾದದ್ದು ಅವನು ನಿಂತ ಜಾಗ ಮಾತ್ರ.

ಕನ್ನಡಿಗರಿಗೆ ನಿಜವಾದ ಗುಂಡಿ ಇರುವುದು ‘ಅಓರಾ ಬೆಂಗೊ’ ಎಂಬ ಮಾತಿನಲ್ಲಿ. ಅಡುಗೆಮನೆಯಲ್ಲಿರುವವರನ್ನು ಹಜಾರದಿಂದ ಯಾರೋ ಕರೆಯುತ್ತಾರೆ. ‘ಈಗ ಬಂದೆ’ ಎಂಬುದನ್ನು ಪದಕ್ಕೆ ಪದ ಇಟ್ಟು ‘ಅಓರಾ ಬೆಂಗೊ’ ಎಂದರೆ ವ್ಯಾಕರಣದಲ್ಲಿ ತಪ್ಪಿಲ್ಲ, ಕೇಳಿದವರಿಗೆ ಅರ್ಥವೂ ಆಗುತ್ತದೆ. ಆದರೆ ಆಗುವ ಅರ್ಥ ಬೇರೆ: ‘ಎಲ್ಲೋ ಹೋಗಿ ಈಗಲೇ ವಾಪಸ್ ಬರುತ್ತೇನೆ’. ‘ಇಲ್ಲಿ’ಗೆ ಬರಬೇಕಾದರೆ ಮೊದಲು ಇಲ್ಲಿಂದ ಹೋಗಿರಬೇಕಲ್ಲವೇ? ಹಾಗಾಗಿ ಕರೆದವರು ಕಾಯುತ್ತಲೇ ಇರುತ್ತಾರೆ, ಇವರು ಹೊರಗೆ ಹೋದರೆಂದುಕೊಂಡು. ಅಲ್ಲಿ ಬೇಕಾದದ್ದು ‘ಅಓರಾ ಬೊಯ್’. ಆದರೆ ಅಂಗಡಿಗೆ ಹೊರಡುವಾಗ ಮನೆಯವರಿಗೆ ಹೇಳುವ ‘ಈಗ ಬಂದ್ಬಿಡ್ತೀನಿ’ಗೆ ‘ಅಓರಾ ಬೆಂಗೊ’ ಸರಿಯಾಗಿ ಕೂರುತ್ತದೆ. ಮೆಕ್ಸಿಕೋದವರು ಇದನ್ನೇ ‘ಅಓರೀತಾ ಬೆಂಗೊ’ ಎನ್ನುತ್ತಾರೆ.

ನಿಯಮ ಸ್ವಲ್ಪ ಸಡಿಲವಾಗುವ ಜಾಗವೂ ಇದೆ. ಜೊತೆಗೆ ಕರೆದುಕೊಂಡು ಹೋಗುವ ಆಹ್ವಾನದಲ್ಲಿ, ಇಬ್ಬರೂ ಇನ್ನೂ ಹೊರಡದಿದ್ದರೂ, ‘ಬಿಯೆನೆಸ್ ಕೊನ್‌ಮೀಗೊ?’, ನನ್ನ ಜೊತೆ ಬರ್ತೀಯಾ ಎಂದು ಕೇಳುವುದುಂಟು. ಅಲ್ಲಿ ಗುರಿಯೆಂದರೆ ಊರಲ್ಲ, ಮಾತಾಡುವವರ ಜೊತೆ. ಆದರೂ ಒಪ್ಪಿಕೊಂಡವರ ಉತ್ತರ ‘ಬೊಯ್ ಕೊನ್‌ತೀಗೊ’, ನಿನ್ನ ಜೊತೆ ಹೋಗುತ್ತೇನೆ ಎಂದೇ. ತನ್ನ ಬಗ್ಗೆ ಹೇಳಿಕೊಳ್ಳುವಾಗ ಭಾಷೆ ಮತ್ತೆ ಬಿಗಿಯಾಗುತ್ತದೆ.

ಸ್ಪೇನಿನಲ್ಲೇ ಬಾರ್ಸಿಲೋನಾದ ಸುತ್ತಮುತ್ತ ಮಾತ್ರ ಕರೆಗೆ ಓಗೊಡುವವರು ‘ಯಾ ಬೆಂಗೊ’ ಎನ್ನುವುದು ಕಿವಿಗೆ ಬೀಳುತ್ತದೆ. ಅಲ್ಲಿನ ಕತಲಾನ್ ಭಾಷೆಯಲ್ಲಿ ಕನ್ನಡದ ಹಾಗೆಯೇ ಕೇಳುವವರ ಕಡೆಗೂ ‘ಬರಬಹುದು’, ಅದೇ ಅಭ್ಯಾಸ ಅವರ ಸ್ಪ್ಯಾನಿಷ್‌ಗೂ ಬಂದಿದೆ.