ಮಾರ್ಚ್‌ನಲ್ಲಿ ಸಿಕ್ಕ 23 ಯೂನಿಟ್

2020ರ ಮಾರ್ಚ್ 23, ಸೋಮವಾರ. ಹಿಂದಿನ ದಿನವಷ್ಟೇ ದೇಶ ಜನತಾ ಕರ್ಫ್ಯೂ ಆಚರಿಸಿತ್ತು. ಬೆಳಗ್ಗೆ ಷೇರುಪೇಟೆ ಬಾಗಿಲು ತೆರೆದು ಒಂದು ತಾಸೂ ಆಗಿರಲಿಲ್ಲ, ಸೂಚ್ಯಂಕ ಶೇ 10ರಷ್ಟು ಕುಸಿಯಿತು. ನಿಯಮದಂತೆ ವಹಿವಾಟನ್ನು 45 ನಿಮಿಷ ನಿಲ್ಲಿಸಲಾಯಿತು. ಮತ್ತೆ ಶುರುವಾದ ಮೇಲೂ ಇಳಿತ ನಿಲ್ಲಲಿಲ್ಲ. ದಿನದ ಕೊನೆಗೆ ನಿಫ್ಟಿ 50 ಬಂದು ನಿಂತದ್ದು 7,610ಕ್ಕೆ. ಎರಡೇ ತಿಂಗಳ ಹಿಂದೆ, ಜನವರಿಯಲ್ಲಿ, ಅದು 12,362ರ ಎತ್ತರದಲ್ಲಿತ್ತು.

ಆ ವರ್ಷದ ಜನವರಿಯಲ್ಲೇ ಒಬ್ಬ ಶಾಲಾ ಶಿಕ್ಷಕಿ ತಿಂಗಳಿಗೆ 2,000 ರೂಪಾಯಿಯ ಮೊದಲ ಎಸ್‌ಐಪಿ ಆರಂಭಿಸಿದ್ದರು ಎಂದುಕೊಳ್ಳೋಣ. ಅದುವರೆಗೆ ಅವರಿಗೆ ಗೊತ್ತಿದ್ದದ್ದು ಅಂಚೆ ಕಚೇರಿಯ ಆರ್‌ಡಿ ಮತ್ತು ಊರಿನ ಚೀಟಿ. ಆರ್‌ಡಿ ಪಾಸ್‌ಬುಕ್‌ನಲ್ಲಿ ಕಟ್ಟಿದ ಮೊತ್ತ ಕಡಿಮೆಯಾದದ್ದನ್ನು ಯಾರೂ ಕಂಡಿಲ್ಲ. ಎಸ್‌ಐಪಿಯಲ್ಲೂ ತಿಂಗಳಿಗೊಮ್ಮೆ ಹಣ ಕಡಿತವಾಗುವುದರಿಂದ ಅದನ್ನೂ ಆರ್‌ಡಿಯ ತಂಗಿಯೆಂದೇ ಜನ ಭಾವಿಸುತ್ತಾರೆ. ಮೊದಲ ಕುಸಿತಕ್ಕೆ ಗಾಬರಿಯಾಗುವುದು ಹೆಚ್ಚಾಗಿ ಈ ತಪ್ಪು ಹೋಲಿಕೆಯಿಂದಲೇ. ಆರ್‌ಡಿಯಲ್ಲಿ ಸೇರುವುದು ರೂಪಾಯಿ. ಎಸ್‌ಐಪಿಯಲ್ಲಿ ಸೇರುವುದು ಯೂನಿಟ್. ರೂಪಾಯಿ ಲೆಕ್ಕ ದಿನಕ್ಕೊಂದು ಇರುತ್ತದೆ. ಕೈಸೇರಿದ ಯೂನಿಟ್ ಮಾತ್ರ ಮಾರುವವರೆಗೆ ಕರಗುವುದಿಲ್ಲ.

ಶಿಕ್ಷಕಿಯ ಲೆಕ್ಕವನ್ನೇ ನೋಡೋಣ. ಸುಲಭಕ್ಕಾಗಿ ನಿಫ್ಟಿಯ ನೂರನೇ ಒಂದು ಭಾಗವನ್ನು ಯೂನಿಟ್ಟಿನ ಬೆಲೆ, ಅಂದರೆ ಎನ್‌ಎವಿ, ಎಂದು ಹಿಡಿಯೋಣ. ಖರ್ಚನ್ನೂ ಡಿವಿಡೆಂಡನ್ನೂ ಬದಿಗಿಡೋಣ. ಜನವರಿ ಕೊನೆಗೆ ನಿಫ್ಟಿ 11,962ರಲ್ಲಿತ್ತು, 2,000 ರೂಪಾಯಿಗೆ 16.72 ಯೂನಿಟ್ ಸಿಕ್ಕವು. ಫೆಬ್ರುವರಿ ಕೊನೆಗೆ 11,202ಕ್ಕೆ ಇಳಿದಿತ್ತು, 17.85 ಸಿಕ್ಕವು. ಮಾರ್ಚ್ 31ಕ್ಕೆ ನಿಫ್ಟಿ 8,598. ಅದೇ 2,000 ರೂಪಾಯಿಗೆ ಈಗ 23.26 ಯೂನಿಟ್! ಆದರೆ ಆ ಸಂಜೆ ಮೊಬೈಲಿನಲ್ಲಿ ಅವರಿಗೆ ಕಂಡದ್ದು ಬೇರೆಯೇ: ಕಟ್ಟಿದ್ದು 6,000, ಉಳಿದದ್ದು 4,973, ಅದೂ ಕೆಂಪಕ್ಷರದಲ್ಲಿ.

ಇಲ್ಲಿ ಎಸ್‌ಐಪಿ ರದ್ದು ಮಾಡಿ ಹಣ ತೆಗೆದಿದ್ದರೆ ಸಾವಿರ ರೂಪಾಯಿಯ ನಷ್ಟ ಅಲ್ಲಿಗೇ ಖಾಯಂ ಆಗುತ್ತಿತ್ತು. ಅವರು ಸುಮ್ಮನಿದ್ದರು. ಏಪ್ರಿಲ್, ಮೇ, ಜೂನ್‌ನಲ್ಲಿ ನಿಫ್ಟಿ ಇನ್ನೂ ಹತ್ತು ಸಾವಿರದ ಆಸುಪಾಸಿನಲ್ಲೇ ಹೊಯ್ದಾಡುತ್ತಿತ್ತು, ತಿಂಗಳಿಗೆ ಇಪ್ಪತ್ತರ ಹತ್ತಿರ ಯೂನಿಟ್ ಬೀಳುತ್ತಾ ಹೋದವು. ಅಕ್ಟೋಬರ್ 30ಕ್ಕೆ ಹತ್ತು ಕಂತು ಪೂರೈಸಿದವು. ಕಟ್ಟಿದ್ದು 20,000, ಸೇರಿದ್ದು ಸುಮಾರು 189 ಯೂನಿಟ್, ಅವುಗಳ ಬೆಲೆ 22,000 ರೂಪಾಯಿ. ಗಮನಿಸಬೇಕಾದದ್ದು ಇದು: ಆ ದಿನ ನಿಫ್ಟಿ ಇದ್ದದ್ದು 11,642ರಲ್ಲಿ, ಅವರ ಮೊದಲ ಕಂತಿನ ದಿನಕ್ಕಿಂತ ಕೆಳಗೆ. ಪೇಟೆ ಮೊದಲಿನ ಜಾಗಕ್ಕೇ ಮರಳಿರಲಿಲ್ಲ, ಅವರ ಹಣ ಮಾತ್ರ ಬೆಳೆದಿತ್ತು. ಬೆಳೆಸಿದ್ದು ಅಗ್ಗದ ತಿಂಗಳುಗಳ ಹೆಚ್ಚುವರಿ ಯೂನಿಟ್‌ಗಳು.

ಇಷ್ಟಾದರೂ ಈ ಭರವಸೆ ಯಾವ ಷೇರಿಗೂ ಸಲ್ಲುವುದಿಲ್ಲ, ಸೂಚ್ಯಂಕಕ್ಕೆ ಸಲ್ಲುತ್ತದೆ. ನಿಫ್ಟಿ 50 ಎಂದರೆ ದೇಶದ ಐವತ್ತು ದೊಡ್ಡ ಕಂಪನಿಗಳ ಪಟ್ಟಿ. ನಮ್ಮ ಬೆಂಗಳೂರಿನ ಇನ್ಫೊಸಿಸ್ ಕೂಡ ಅದರಲ್ಲಿದೆ. ವರ್ಷಕ್ಕೆ ಎರಡು ಸಲ ಪಟ್ಟಿಯ ಪರಿಷ್ಕರಣೆ ನಡೆಯುತ್ತದೆ. 2020ರ ಅದೇ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಪಟ್ಟಿಯಿಂದ ಹೊರಬಿತ್ತು, ಶ್ರೀ ಸಿಮೆಂಟ್ ಒಳಬಂತು. ನವೆಂಬರ್‌ಗೆ ನಿಫ್ಟಿ ಹೊಸ ದಾಖಲೆ ಬರೆಯಿತು. ಯೆಸ್ ಬ್ಯಾಂಕ್ ಷೇರು ತನ್ನ 2018ರ ಎತ್ತರವನ್ನು ಮತ್ತೆ ಕಾಣಲಿಲ್ಲ. ಸೋತವರನ್ನು ಕಳಿಸಿ ಗೆದ್ದವರನ್ನು ಕರೆಯುವ ಈ ಕೆಲಸವನ್ನು ಇಂಡೆಕ್ಸ್ ಫಂಡ್ ಯಾರ ಜಾಣತನವನ್ನೂ ನಂಬದೆ ಪಟ್ಟಿ ನೋಡಿಕೊಂಡೇ ಮಾಡುತ್ತದೆ. ಅದಕ್ಕೇ ಖರ್ಚೂ ಕಡಿಮೆ.

ಹಾಗಾಗಿ ಮೊದಲ ಸಲ ಹಣ ಹಾಕುವವರು ಹುಡುಕಬೇಕಾದ ಹೆಸರು ಸರಳ. ಪರದೆಯ ಮೇಲೆ `Nifty 50 Index Fund - Direct Plan - Growth` ಎಂದಿರಬೇಕು, ಮುಂದೆ ಯಾವುದಾದರೂ ಫಂಡ್ ಕಂಪನಿಯ ಹೆಸರಿರುತ್ತದೆ. `Direct` ಬದಲು `Regular` ಇದ್ದರೆ ಮಧ್ಯವರ್ತಿಯ ಕಮಿಷನ್ ಪ್ರತಿ ವರ್ಷ ನಿಮ್ಮ ಹಣದಿಂದಲೇ ಹೋಗುತ್ತದೆ. `Growth` ಇರುವ ಜಾಗದಲ್ಲಿ `IDCW` ಇದ್ದರೆ ಬೆಳೆಯಬೇಕಾದ ಹಣ ಆಗಾಗ ಕೈಗೆ ಬಂದು ಖರ್ಚಾಗುತ್ತದೆ. ಪ್ಯಾನ್, ಆಧಾರ್ ಕೊಟ್ಟು ಕೆವೈಸಿ ಮುಗಿಸಿ, ಖಾತೆಯಿಂದ ಹಣ ಕಡಿತಕ್ಕೆ ಒಪ್ಪಿಗೆ ಕೊಟ್ಟರೆ ಆಯಿತು. 2,000ದಲ್ಲಿ ಹತ್ತು ಪೈಸೆ ಸ್ಟ್ಯಾಂಪ್ ಶುಲ್ಕಕ್ಕೆ ಹೋಗಿ 1,999.90ಕ್ಕೆ ಯೂನಿಟ್ ಸಿಗುತ್ತವೆ.

ದಿನಾಂಕದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸಂಬಳ ಐದರಂದು ಬರುವವರು ಒಂದನೇ ತಾರೀಖು ಆರಿಸಿಕೊಂಡು ಖಾತೆ ಖಾಲಿಯಿದ್ದು ಕಂತು ತಪ್ಪುವುದು ಬಹಳ ಸಾಮಾನ್ಯ. ಬ್ಯಾಂಕ್ ದಂಡ ಹಾಕುತ್ತದೆ. ಸತತ ಮೂರು ತಿಂಗಳು ತಪ್ಪಿದರೆ ಎಸ್‌ಐಪಿಯೇ ರದ್ದಾಗಬಹುದು. ಸಂಬಳದ ಮೂರ್ನಾಲ್ಕು ದಿನಗಳ ನಂತರದ ತಾರೀಖು ಕ್ಷೇಮ. ತಿಂಗಳ ಯಾವ ದಿನ ಅಗ್ಗ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಪೇಟೆ ಬಿದ್ದಾಗ ಒಂದೇ ಒಂದು ವಿಷಯ ಪರೀಕ್ಷಿಸಿದರೆ ಸಾಕು. ನಿಫ್ಟಿ ಶೇ 10 ಇಳಿದಾಗ ಫಂಡೂ ಹೆಚ್ಚುಕಡಿಮೆ ಅಷ್ಟೇ ಇಳಿದಿದೆಯೇ? ಇಳಿದಿದ್ದರೆ ಫಂಡ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ವರ್ಷವರ್ಷವೂ ಸೂಚ್ಯಂಕಕ್ಕಿಂತ ಎದ್ದು ಕಾಣುವಷ್ಟು ಹಿಂದುಳಿಯುತ್ತಿದ್ದರೆ ಮಾತ್ರ ಬೇರೆ ಕಂಪನಿಯ ಇಂಡೆಕ್ಸ್ ಫಂಡ್ ನೋಡಬೇಕು.

ಶಿಕ್ಷಕಿಯ ಕಥೆಗೆ ಇನ್ನೊಂದು ಮುಖವಿದೆ, ಮಾರುವವರು ಅದನ್ನು ಅಷ್ಟಾಗಿ ಹೇಳುವುದಿಲ್ಲ. ಕುಸಿತ ವರವಾದದ್ದು ಅವರ ಬಳಿ ಆಗ ಹೆಚ್ಚು ಹಣ ಸೇರಿರಲಿಲ್ಲ ಎಂಬ ಕಾರಣಕ್ಕೆ. ಹತ್ತು ವರ್ಷ ಕಟ್ಟಿ ನಾಲ್ಕು ಲಕ್ಷ ಸೇರಿದ ಮೇಲೆ 2020ರಂಥದೇ ಶೇ 38ರ ಇಳಿತ ಬಂದರೆ ಒಂದೂವರೆ ಲಕ್ಷ ಕರಗುತ್ತದೆ. ಆ ತಿಂಗಳ 2,000ಕ್ಕೆ ಎಷ್ಟೇ ಹೆಚ್ಚು ಯೂನಿಟ್ ಸಿಕ್ಕರೂ ಅದು ತುಂಬುವ ಗುಂಡಿಯಲ್ಲ. ಎಲ್ಲ ಕುಸಿತವೂ 2020ರಷ್ಟು ಬೇಗ ಚೇತರಿಸುವುದೂ ಇಲ್ಲ. 2008ರ ಜನವರಿಯಲ್ಲಿ 6,288ರಲ್ಲಿದ್ದ ನಿಫ್ಟಿ ಅಕ್ಟೋಬರ್‌ಗೆ 2,524ಕ್ಕೆ ಬಿತ್ತು. ಐದು ವರ್ಷ ಕಳೆದು 2013ರ ಜನವರಿ ಬಂದಾಗಲೂ ಅದು ಆರು ಸಾವಿರದ ಸುತ್ತಲೇ ಇತ್ತು.

ಆದ್ದರಿಂದ ಸಮಾಧಾನ ಎಂಬುದು ಮನಸ್ಸಿನ ಗಟ್ಟಿತನಕ್ಕಿಂತ ಮನೆಯ ಲೆಕ್ಕಕ್ಕೆ ಸೇರಿದ್ದು. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿ ಇದ್ದರೆ ಆಸ್ಪತ್ರೆಯ ಬಿಲ್ ಬಂದ ದಿನವೇ ಪೇಟೆ ಬಿದ್ದಿದ್ದರೂ ಯೂನಿಟ್ ಮಾರುವ ಗತಿ ಬರುವುದಿಲ್ಲ. ಮುಂದಿನ ಮೂರು ವರ್ಷದೊಳಗೆ ಕಟ್ಟಬೇಕಾದ ಕಾಲೇಜು ಫೀಸಿನ ಹಣಕ್ಕೆ ಆರ್‌ಡಿ, ಎಫ್‌ಡಿಗಳೇ ಸರಿಯಾದ ಜಾಗ. ಹತ್ತನೇ ವರ್ಷಕ್ಕೆ ಮಗಳ ಓದಿಗೆಂದು ಕಟ್ಟುತ್ತಿರುವ ಶಿಕ್ಷಕಿ ಏಳನೇ ವರ್ಷದಿಂದಲೇ, ಪೇಟೆ ಚೆನ್ನಾಗಿರುವಾಗಲೇ, ವರ್ಷಕ್ಕಿಷ್ಟು ಎಂದು ತೆಗೆದು ಎಫ್‌ಡಿಗೆ ಹಾಕುತ್ತಾ ಬರಬೇಕು. ಸದ್ಯದ ನಿಯಮದಲ್ಲಿ ಒಂದು ವರ್ಷಕ್ಕಿಂತ ಹಳೆಯ ಯೂನಿಟ್ ಮಾರಿದಾಗ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಹಾಗಾಗಿ ಕಂತುಕಂತಾಗಿ ತೆಗೆದರೆ ತೆರಿಗೆಯೂ ಉಳಿಯುತ್ತದೆ. ಹಾಗೆ ಮಾಡಿದ್ದರೆ, ಫೀಸು ಕಟ್ಟುವ ವರ್ಷವೇ ಮಾರ್ಚ್ 23ರಂಥ ಸೋಮವಾರ ಬಂದರೂ ಮಗಳ ಸೀಟಿನ ಹಣ ಬ್ಯಾಂಕಿನಲ್ಲಿರುತ್ತದೆ.