ದೌರ್ಬಲ್ಯದ ಎದುರಿಗೊಂದು ಕೆಲಸ, ಕೆಲಸಕ್ಕೊಂದು ತಾರೀಖು

ತಾಲ್ಲೂಕು ಕೇಂದ್ರದ ಸಣ್ಣ ಪ್ರಿಂಟಿಂಗ್ ಪ್ರೆಸ್ ಒಂದನ್ನು ಕಲ್ಪಿಸಿಕೊಳ್ಳಿ. ಒಂದೇ ಬಣ್ಣ ಅಚ್ಚು ಮಾಡುವ ಆಫ್‌ಸೆಟ್ ಮಷಿನ್, ಕಟಿಂಗ್ ಮಷಿನ್, ಡಿಟಿಪಿ ಕಂಪ್ಯೂಟರ್, ಮೂವರು ಕೆಲಸಗಾರರು. ಬಲ, ದೌರ್ಬಲ್ಯ, ಅವಕಾಶ, ಅಪಾಯ ಎಂಬ ನಾಲ್ಕು ಮನೆ ತುಂಬುವ ಸ್ವಾಟ್ ಪಟ್ಟಿಯನ್ನು ಇಂಥ ಮಾಲೀಕರು ಬ್ಯಾಂಕ್ ಸಾಲಕ್ಕೆಂದು ಮಾಡಿ ಫೈಲಿಗೆ ಸೇರಿಸುತ್ತಾರೆ. ದೌರ್ಬಲ್ಯ ಮತ್ತು ಅಪಾಯಗಳ ಎದುರಿಗೆ ಯಾರು, ಏನನ್ನು, ಯಾವ ತಾರೀಖಿನೊಳಗೆ ಮಾಡಬೇಕು ಎಂದು ಬರೆದಾಗ ಮಾತ್ರ ಆ ಪಟ್ಟಿಯಿಂದ ಪ್ರೆಸ್ಸಿಗೆ ಪ್ರಯೋಜನ.

'ಹಣದ ಅಡಚಣೆ' ಎಂದು ಬರೆದರೆ ಅದಕ್ಕೆ ಮದ್ದು ಹೊಳೆಯುವುದಿಲ್ಲ. 'ಮೂರು ಖಾಸಗಿ ಶಾಲೆಗಳ ಬಿಲ್ಲು ನಾಲ್ಕು ತಿಂಗಳಿಂದ ಬಾಕಿ' ಎಂದು ಬರೆಯಿರಿ, ಕೆಲಸ ತಾನೇ ಕಾಣುತ್ತದೆ. ಅರ್ಧ ಹಣ ಮುಂಗಡ ಬಾರದೆ ಪ್ಲೇಟ್ ಹಾಕಿಸಬಾರದು. ಪ್ರತಿ ಶನಿವಾರ ಡಿಟಿಪಿಯವರು ಬಾಕಿ ಪಟ್ಟಿ ತೆಗೆದು ಮಾಲೀಕರಿಗೆ ಕೊಡಬೇಕು. ಪ್ರೆಸ್ಸಿಗೆ ಉದ್ಯಮ್ ನೋಂದಣಿ ಇದ್ದರೆ 2006ರ ಎಂಎಸ್ಎಂಇ ಕಾಯ್ದೆಯೂ ನೆರವಿಗಿದೆ. ಬರವಣಿಗೆಯ ಒಪ್ಪಂದವಿದ್ದರೂ ಗ್ರಾಹಕರು 45 ದಿನಕ್ಕಿಂತ ಹೆಚ್ಚು ಕಾಲ ಹಣ ತಡೆಹಿಡಿಯುವಂತಿಲ್ಲ. ಮೀರಿದರೆ ಬಡ್ಡಿ ಕೊಡಬೇಕು. ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆಯನ್ನೂ ಈ ಗಡುವನ್ನೂ ಅಚ್ಚು ಹಾಕಿಸುವುದು ಒಂದು ದಿನದ ಕೆಲಸ. ಮೂರು ತಿಂಗಳಾದ ಮೇಲೂ ಬಾಕಿಯ ಮೊತ್ತ ಇಳಿಯದಿದ್ದರೆ ಮುಂಗಡದ ನಿಯಮವನ್ನು ಯಾರೋ ಸಡಿಲಿಸುತ್ತಿದ್ದಾರೆ ಎಂದೇ ಅರ್ಥ.

ಅಪಾಯಗಳಲ್ಲಿ ದೊಡ್ಡದು ಲಗ್ನಪತ್ರಿಕೆಯದು. ವಾಟ್ಸಾಪ್‌ನಲ್ಲೇ ಕರೆಯುವವರು ಹೆಚ್ಚಾಗಿ, ಹಿಂದೆ 500 ಕಾರ್ಡು ಹಾಕಿಸುತ್ತಿದ್ದ ಮನೆಯವರು ಈಗ 150 ಸಾಕು ಎನ್ನುತ್ತಾರೆ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು, ಶಾಯಿ ಹದಕ್ಕೆ ಬರುವವರೆಗೆ ಹಾಳಾಗುವ ಹಾಳೆ, ಮಷಿನ್ ತೊಳೆಯುವ ಹೊತ್ತು, ಇವೆಲ್ಲ 150ಕ್ಕೂ 500ಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಸಣ್ಣ ಆರ್ಡರಿನಲ್ಲಿ ಕಾರ್ಡೊಂದರ ಖರ್ಚು ಏರಿ ಲಾಭ ಕರಗುತ್ತದೆ. ಇದಕ್ಕೆ 'ಹೊಸ ತಂತ್ರಜ್ಞಾನ ಅಳವಡಿಕೆ' ಎಂದು ಬರೆದು ಸಾಲ ಮಾಡಿ ಡಿಜಿಟಲ್ ಮಷಿನ್ ತರುವುದು ದುಡುಕು. 200ಕ್ಕಿಂತ ಕಡಿಮೆ ಕಾರ್ಡಿನ ಆರ್ಡರನ್ನು ಜಿಲ್ಲಾ ಕೇಂದ್ರದ ಡಿಜಿಟಲ್ ಪ್ರಿಂಟರಿಗೆ ಕಮಿಷನ್ ಮೇಲೆ ಕೊಡಿ. ಬಿಡುವಾದ ಮಷಿನ್ನಿಗೆ ನಂಬರು ಹಾಕಿದ ದೇವಸ್ಥಾನದ ಸೇವಾ ರಸೀದಿ, ವೈದ್ಯರ ಚೀಟಿಯ ಪ್ಯಾಡ್ ಹುಡುಕಿ. ನಂಬರಿಂಗ್ ಸೌಲಭ್ಯ ನಿಮ್ಮ ಬಲದ ಮನೆಯಲ್ಲಿದ್ದರೆ ಅದು ದುಡಿಯಬೇಕಾದದ್ದು ಇಲ್ಲಿ. ಈ ತಿಂಗಳು ಹತ್ತು ದೇವಸ್ಥಾನ, ಹತ್ತು ಕ್ಲಿನಿಕ್‌ಗಳಿಗೆ ಮಾದರಿ ತೋರಿಸಿ ಬರುವುದು ಮಾಲೀಕರದೇ ಕೆಲಸ.

ಕಾಗದದ ಬೆಲೆ ಏರುವುದು ಅಪಾಯ, ಅದನ್ನು ತಡೆಯುವುದು ನಿಮ್ಮ ಕೈಲಿಲ್ಲ. ಹಳೆಯ ದರದಲ್ಲೇ ಕೊಟೇಶನ್ ಕೊಡುತ್ತಿರುವುದು ದೌರ್ಬಲ್ಯ, ಅದು ಕೈಯಲ್ಲಿದೆ. ಎರಡಕ್ಕೂ ಒಂದೇ ಉತ್ತರ: ಕೊಟೇಶನ್‌ನಲ್ಲಿ ಕಾಗದದ ದರವನ್ನು ಬೇರೆಯಾಗಿ ತೋರಿಸಿ, 'ಏಳು ದಿನ ಮಾತ್ರ ಅನ್ವಯ' ಎಂದು ನಾಳೆಯಿಂದಲೇ ಅಚ್ಚು ಹಾಕಿಸಿ.