ಇಪ್ಪತ್ತೈದು ನಿಮಿಷ ಬಿಡುವಾಗದ ಫೋನು

1975ರ ಜೂನ್ 26ರಂದು ಐರ್ಲೆಂಡಿನ ಬೆಲ್ಲೂಸ್ಟೌನ್ ರೇಸ್ ಮೈದಾನದಲ್ಲಿ ಇದ್ದದ್ದು ಒಂದೇ ಒಂದು ಸಾರ್ವಜನಿಕ ಫೋನು. ಬೆನ್ನಿ ಒಹ್ಯಾನ್ಲನ್ ಎಂಬಾತ ಅದನ್ನು ಹಿಡಿದು, ಸಾವಿನಂಚಿನಲ್ಲಿರುವ ಚಿಕ್ಕಮ್ಮನ ಜೊತೆ ಮಾತಾಡುತ್ತಿರುವಂತೆ ನಟಿಸುತ್ತಾ ಸುಮಾರು ಇಪ್ಪತ್ತೈದು ನಿಮಿಷ ನಿಂತ. ಆ ಹೊತ್ತಿನಲ್ಲೇ ಬಾರ್ನಿ ಕರ್ಲಿಯ ಕಡೆಯವರು ಊರೂರಿನ ಬೆಟ್ಟಿಂಗ್ ಅಂಗಡಿಗಳಲ್ಲಿ 'ಯೆಲ್ಲೊ ಸ್ಯಾಮ್' ಕುದುರೆಯ ಮೇಲೆ ಸಣ್ಣ ಸಣ್ಣ ಮೊತ್ತ ಕಟ್ಟುತ್ತಿದ್ದರು.

ಫೋನು ಏಕೆ ಮುಖ್ಯವಾಯಿತು? ಈ ಅಂಗಡಿಗಳು ಹಣ ಕೊಡುತ್ತಿದ್ದದ್ದು ಓಟ ಶುರುವಾಗುವ ಕ್ಷಣಕ್ಕೆ ಮೈದಾನದಲ್ಲಿದ್ದ ದರದ ಪ್ರಕಾರ. ಒಂದೇ ಕುದುರೆಗೆ ಹಣ ಹರಿದು ಬರುವುದು ಕಂಡರೆ ಅಂಗಡಿಯವರು ಮೈದಾನಕ್ಕೆ ಫೋನು ಮಾಡಿ ಅಲ್ಲಿ ತಾವೇ ಅದರ ಮೇಲೆ ಬೆಟ್ ಕಟ್ಟಿಸುತ್ತಿದ್ದರು. ಆಗ ಅಲ್ಲಿನ ಬುಕ್ಕಿಗಳು ದರ ಇಳಿಸುತ್ತಿದ್ದರು. ಅಂದು ಆ ಸುದ್ದಿ ತಲುಪಲೇ ಇಲ್ಲ. ದರ 20ಕ್ಕೆ 1ರಲ್ಲೇ ನಿಂತಿತು, ಕುದುರೆ ಗೆದ್ದಿತು, ಕರ್ಲಿಗೆ ಮೂರು ಲಕ್ಷ ಪೌಂಡಿಗೂ ಹೆಚ್ಚು ಹಣ ಬಂತು.

ಬಲ್ಲವರ ಹಣ ಬಿದ್ದರೆ ದರ ಕುಸಿಯಬೇಕು. ಅದನ್ನು ತಡೆಯಲೆಂದೇ ಇಷ್ಟೆಲ್ಲ ಸಾಹಸ.

ಬ್ರಿಟನ್ನಿನ ಇಂದಿನ ಫುಟ್‌ಬಾಲ್ ಬೆಟ್ಟಿಂಗಿನಲ್ಲಿ ಸುದ್ದಿ ಸೆಕೆಂಡುಗಳಲ್ಲಿ ಓಡುತ್ತದೆ. ಆದರೂ ಎಲ್ಲ ಕಂಪನಿಗಳೂ ಒಟ್ಟಿಗೆ ದರ ಬದಲಿಸುವುದಿಲ್ಲ. ದೊಡ್ಡ ಮೊತ್ತವನ್ನು ಒಪ್ಪಿಕೊಳ್ಳುವ, ಗೆಲ್ಲುವವರನ್ನು ಹೊರಹಾಕದ ಕೆಲವು ಕಡೆ ಮೊದಲು ಚಲನೆ ಕಾಣುತ್ತದೆ. ಉದಾಹರಣೆಗೆ, ಒಂದು ತಂಡದ ದರ ಅಲ್ಲಿ 2.10ರಿಂದ 1.90ಕ್ಕೆ ಇಳಿಯಿತು ಎನ್ನೋಣ. 1ನ್ನು ದರದಿಂದ ಭಾಗಿಸಿದರೆ ಆ ದರ ಹೇಳುವ ಗೆಲುವಿನ ಸಾಧ್ಯತೆ ಸಿಗುತ್ತದೆ: ಮೊದಲು ಶೇ. 47.6 ಇದ್ದದ್ದು ಈಗ 52.6. ಇದರಲ್ಲಿ ಬುಕ್ಕಿಯ ಲಾಭವೂ ಸೇರಿರುವುದರಿಂದ ನಿಜವಾದ ಅಂದಾಜು ತುಸು ಕಡಿಮೆಯೇ. ಅದೇ ಹೊತ್ತಿಗೆ ಇನ್ನೊಂದು ಕಂಪನಿಯಲ್ಲಿ 2.10 ಹಾಗೇ ಉಳಿದಿದ್ದರೆ, 100 ಪೌಂಡ್ ಕಟ್ಟಿ ಗೆದ್ದವನಿಗೆ 190ರ ಬದಲು 210 ಸಿಗುತ್ತದೆ. ಹೀಗೆ ಹಲವು ಕಡೆ ದರ ಹೋಲಿಸಿ ಹೆಚ್ಚು ಕೊಡುವಲ್ಲಿ ಕಟ್ಟುವುದೇ ಲೈನ್ ಶಾಪಿಂಗ್.

ಆದರೆ ಇಳಿದ ದರವೆಲ್ಲ ಬಲ್ಲವರ ಹಣದ ಗುರುತಲ್ಲ. ಅಭಿಮಾನಿಗಳು ಮುಗಿಬಿದ್ದಾಗಲೂ, ಮುಖ್ಯ ಆಟಗಾರ ಗಾಯಗೊಂಡ ಸುದ್ದಿ ಬಂದಾಗಲೂ ದರ ಕದಲುತ್ತದೆ. ಸಣ್ಣ ಕಂಪನಿಯೊಂದರಲ್ಲಿ ಮಾತ್ರ ಇಳಿದು ಉಳಿದೆಡೆ ಅಲುಗದಿದ್ದರೆ, ಯಾರೋ ಒಬ್ಬ ಗಿರಾಕಿ ದೊಡ್ಡ ಬೆಟ್ ಕಟ್ಟಿದ್ದಿರಬಹುದು, ಅಷ್ಟೆ. ಪ್ರಕಟವಾದ ಸುದ್ದಿಯೇನೂ ಇಲ್ಲದೆ ದೊಡ್ಡ ಮೊತ್ತದ ಮಾರುಕಟ್ಟೆಯೇ ಮೊದಲು ಇಳಿದು, ಮಿಕ್ಕವು ಒಂದೊಂದಾಗಿ ಹಿಂಬಾಲಿಸಿ, ಪಂದ್ಯದವರೆಗೂ ದರ ಮೇಲೇರದಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಕಂಪನಿಗಳೂ ಇದೇ ಲೆಕ್ಕ ಇಡುತ್ತವೆ. ಪಂದ್ಯಕ್ಕೆ ಮುಂಚಿನ ಕೊನೆಯ ದರಕ್ಕಿಂತ ಒಳ್ಳೆಯ ದರವನ್ನು ಸದಾ ಹಿಡಿಯುವ ಗಿರಾಕಿಗೆ, ಅವನು ಸೋಲುತ್ತಿದ್ದರೂ, ಬಹಳಷ್ಟು ಕಂಪನಿಗಳು ಬೆಟ್ಟಿನ ಮಿತಿಯನ್ನು ಕೆಲವೇ ಪೌಂಡುಗಳಿಗೆ ಇಳಿಸಿಬಿಡುತ್ತವೆ.